ಹಲಸೂರಿನ ಕಂಬಗಳು, ನಾಲ್ಕು ಹೆಜ್ಜೆಯ ಅಂತರ

ಹಲಸೂರಿನ ಸೋಮೇಶ್ವರ ದೇವಸ್ಥಾನದ ತೆರೆದ ಮಂಟಪದಲ್ಲಿ 48 ಕಂಬಗಳಿವೆ. ಮೊದಲ ಸಲ ಫೋನಿನ ವಿಡಿಯೊದಿಂದ ಅದರ ಮೂರು ಆಯಾಮದ ಮಾದರಿ ಮಾಡಹೊರಟಾಗ ನಾನು ಮಂಟಪದ ನಡುವೆ ನಿಂತು, ಮದುವೆ ವಿಡಿಯೊದವರಂತೆ ಸುತ್ತ ಒಂದು ರೌಂಡು ತಿರುಗಿದೆ. ಮನೆಗೆ ಬಂದು ನೋಡಿದರೆ ಮಾದರಿಯೇ ಹುಟ್ಟಲಿಲ್ಲ. ನಿಂತಲ್ಲೇ ತಿರುಗಿದರೆ ಹತ್ತಿರದ ಕಂಬ, ದೂರದ ಗೋಡೆ ಎರಡೂ ಪರದೆಯ ಮೇಲೆ ಒಟ್ಟಿಗೇ ಸರಿಯುತ್ತವೆ. ಯಾವುದು ಹತ್ತಿರ ಎನ್ನುವ ಸುಳಿವೇ ಇರುವುದಿಲ್ಲ. ಬಸ್ಸಿನ ಕಿಟಕಿಯಲ್ಲಿ ಲೈಟುಕಂಬ ಓಡಿಹೋಗುತ್ತದೆ, ದೂರದ ಬೆಟ್ಟ ಜೊತೆಗೇ ಬರುತ್ತದೆ. ಆ ವ್ಯತ್ಯಾಸದಿಂದಲೇ ದೂರ ತಿಳಿಯುವುದು, ಅದಕ್ಕೆ ಕಾಲು ನಡೆಯಲೇಬೇಕು.

ಎರಡನೇ ಸಲ ನಡೆದೆ, ಸೆಕೆಂಡಿಗೆ ಸುಮಾರು 40 ಸೆಂಟಿಮೀಟರ್, ಪ್ರದಕ್ಷಿಣೆಯ ನಿಧಾನದಲ್ಲಿ. ಫೋನಿನ ಸ್ಟೆಬಿಲೈಸೇಷನ್ ಆಫ್ ಮಾಡಿದ್ದೆ. ಅದು ಪ್ರತಿ ಚಿತ್ರವನ್ನೂ ಒಂದೊಂದು ರೀತಿ ಕತ್ತರಿಸಿ ಲೆಕ್ಕ ಕೆಡಿಸುತ್ತದೆ. ಶಟರ್ 1/125ಕ್ಕೆ ಕಟ್ಟಿಹಾಕಿದೆ. ಮಂಟಪದ ಮಬ್ಬಿನಲ್ಲಿ ಫೋನಿನ ಇಷ್ಟಕ್ಕೆ ಬಿಟ್ಟರೆ 1/30ಕ್ಕೆ ಇಳಿದು ಕೆತ್ತನೆಯ ಅಂಚೆಲ್ಲ ಕದಡಿಬಿಡುತ್ತದೆ. ಎರಡು ನಿಮಿಷದ ವಿಡಿಯೊದಿಂದ ಸೆಕೆಂಡಿಗೆ ಎರಡರಂತೆ 240 ಚಿತ್ರ ತೆಗೆದೆ:

```
ffmpeg -i mantapa.mp4 -vf fps=2 frames/%04d.jpg
```

ಇವನ್ನು `COLMAP` ಎಂಬ ಉಚಿತ ತಂತ್ರಾಂಶಕ್ಕೆ ಕೊಟ್ಟೆ. ಅದು ಒಂದೇ ಮೂಲೆ, ಒಂದೇ ಬಿರುಕು ಬೇರೆ ಬೇರೆ ಚಿತ್ರಗಳಲ್ಲಿ ಎಲ್ಲೆಲ್ಲಿ ಕಾಣುತ್ತದೆ ಎಂದು ಹುಡುಕಿ, ಕ್ಯಾಮೆರಾ ಎಲ್ಲಿತ್ತು, ಆ ಬಿಂದು ಎಲ್ಲಿದೆ ಎರಡನ್ನೂ ಒಟ್ಟಿಗೆ ಬಿಡಿಸುತ್ತದೆ. ಈ ಸಲ ಮಾದರಿ ಬಂತು, ನೋಡಲು ಚೆಂದವಾಗಿಯೂ ಇತ್ತು. ಕಂಬಗಳನ್ನು ಎಣಿಸಿದರೆ ಮಾತ್ರ ಒಂದು ಇಡೀ ಸಾಲೇ ಮಾಯ! ಅಣ್ಣತಮ್ಮಂದಿರಂತಿರುವ ಕಂಬಗಳಲ್ಲಿ ಇದನ್ನು ಅದೆಂದು ತಿಳಿದು, ತಂತ್ರಾಂಶ ಎರಡು ಸಾಲನ್ನು ಒಂದರ ಮೇಲೊಂದು ಮಡಚಿ ಇಟ್ಟಿತ್ತು. ಎಲ್ಲ ಚಿತ್ರವನ್ನೂ ಎಲ್ಲದರ ಜೊತೆ ಹೋಲಿಸು ಎಂದು ಹೇಳಿದ್ದ ನನ್ನದೇ ತಪ್ಪು ಅದು. ಹೆಚ್ಚಾಗಿ ಅಕ್ಕಪಕ್ಕದ ಚಿತ್ರಗಳನ್ನೇ ಹೋಲಿಸುವ `sequential_matcher` ಬಳಸಿದ ಮೇಲೆ ಕಳೆದ ಸಾಲು ವಾಪಸಾಯಿತು. ಆದರೆ ನಡಿಗೆ ಹೊರಟಲ್ಲಿಗೇ ಮರಳಿದ್ದರೂ ಮಾದರಿಯಲ್ಲಿ ಎರಡು ತುದಿ ಕೂಡಲಿಲ್ಲ. ಪ್ರತಿ ಹೆಜ್ಜೆಯ ಚೂರುಪಾರು ತಪ್ಪು ಸೇರಿ ಸೇರಿ ಅಷ್ಟಾಗಿತ್ತು. ಮೊದಲ ಹತ್ತು, ಕೊನೆಯ ಹತ್ತು ಚಿತ್ರಗಳ ಜೋಡಿಗಳನ್ನು ಒಂದು ಪಟ್ಟಿಯಲ್ಲಿ ಬರೆದು `matches_importer`ಗೆ ಕೊಟ್ಟಾಗ ತುದಿಗಳು ಕೂಡಿದವು. ಮಾದರಿ ಬಂದೊಡನೆ ಬಣ್ಣಕ್ಕೆ ಮರುಳಾಗದೆ ಕಂಬ ಎಣಿಸುವುದು ಅಂದಿನಿಂದ ನನ್ನ ಅಭ್ಯಾಸ.

ಇನ್ನು ದೂರದ ಲೆಕ್ಕ. ನನ್ನ ನಡಿಗೆಯಲ್ಲಿ ಒಂದು ಚಿತ್ರಕ್ಕೂ ಮುಂದಿನದಕ್ಕೂ 20 ಸೆಂಟಿಮೀಟರ್ ಅಂತರ. ಫುಲ್ ಎಚ್‌ಡಿ ವಿಡಿಯೊದಲ್ಲಿ ಫೋನಿನ ಫೋಕಲ್ ದೂರ ಸುಮಾರು 1500 ಪಿಕ್ಸೆಲ್ ಎಂದಿಟ್ಟುಕೊಳ್ಳಿ. ಪಕ್ಕಕ್ಕೆ ಸರಿಯುತ್ತ ನಡೆದರೆ 3 ಮೀಟರ್ ದೂರದ ಕಂಬ ಪರದೆಯಲ್ಲಿ 100 ಪಿಕ್ಸೆಲ್ ಸರಿಯುತ್ತದೆ, 12 ಮೀಟರಿನದು 25 ಮಾತ್ರ. ಗುರುತಿಸುವುದರಲ್ಲಿ ಅರ್ಧ ಪಿಕ್ಸೆಲ್ ತಪ್ಪಿದರೆ ಹತ್ತಿರದ ಕಂಬದ ದೂರದಲ್ಲಿ ಒಂದೂವರೆ ಸೆಂಟಿಮೀಟರ್ ಹೆಚ್ಚುಕಡಿಮೆಯಾಗುತ್ತದೆ, ದೂರದ್ದರಲ್ಲಿ 24 ಸೆಂಟಿಮೀಟರ್. ದೂರ ನಾಲ್ಕು ಪಟ್ಟಾದರೆ ತಪ್ಪು ಹದಿನಾರು ಪಟ್ಟು. ಮದ್ದೂ ಇದರಲ್ಲೇ ಇದೆ: ದೂರದ ವಸ್ತುವಿಗೆ ಪಕ್ಕದ ಚಿತ್ರ ಬಿಟ್ಟು ನಾಲ್ಕು ಚಿತ್ರ ಆಚೆಯದನ್ನು ಜೋಡಿ ಮಾಡಿದರೆ 24 ಹೋಗಿ 6 ಆಗುತ್ತದೆ.

ಒಂದೇ ಚಿತ್ರ ನೋಡಿ ದೂರ ಊಹಿಸುವ `MiDaS`ನಂಥ ಮಾದರಿಗಳೂ ಇವೆ. ಯಾವುದು ಮುಂದೆ, ಯಾವುದು ಹಿಂದೆ ಎಂಬುದನ್ನು ಅವು ಚೆನ್ನಾಗಿ ಹೇಳುತ್ತವೆ, ಎಷ್ಟು ಮೀಟರ್ ಎಂದು ಹೇಳುವುದಿಲ್ಲ. ಶಿವಾಜಿನಗರದ ಗಲ್ಲಿಯಲ್ಲಿ ಅಂಗಡಿ ಶಟರಿನ ಮೇಲಿನ ಜಲಪಾತದ ಚಿತ್ರವನ್ನು ನಿಜವಾದ ಕಣಿವೆ ಎಂದು ಅಂಥದ್ದೊಂದು ನಂಬಿದ್ದನ್ನು ಕಂಡಿದ್ದೇನೆ.

ನಡಿಗೆಯ ಮಾದರಿಗೂ ಮೀಟರು ಗೊತ್ತಿಲ್ಲ. ದೊಡ್ಡ ಮಂಟಪವನ್ನು ದೊಡ್ಡ ಹೆಜ್ಜೆಯಲ್ಲಿ ದಾಟಿದರೂ, ಬೊಂಬೆ ಮಂಟಪವನ್ನು ಪುಟ್ಟ ಹೆಜ್ಜೆಯಲ್ಲಿ ದಾಟಿದರೂ ವಿಡಿಯೊ ಒಂದೇ ಥರ ಇರುತ್ತದೆ. ಅದಕ್ಕೇ ನೆಲದ ಮೇಲೆ 3 ಮೀಟರ್ ಟೇಪು ಹಾಸಿದ್ದೆ. ಮಾದರಿಯಲ್ಲಿ ಅದು 1.84 ಬಂತು, ಹಾಗಾಗಿ ಎಲ್ಲವನ್ನೂ 1.63ರಿಂದ ಗುಣಿಸಿದೆ. ಶಾಲೆಯ ಅಡಿಪಟ್ಟಿ ಇಟ್ಟರೆ ಸಾಲದು, ಅದರಲ್ಲಿ ಒಂದು ಸೆಂಟಿಮೀಟರ್ ತಪ್ಪು ಓದಿದರೂ 12 ಮೀಟರಿಗೆ 40 ಸೆಂಟಿಮೀಟರ್ ಆಗಿ ಬೆಳೆಯುತ್ತದೆ. ಪರೀಕ್ಷೆಗೆಂದು ಇನ್ನೊಂದು ಮೂಲೆಯಲ್ಲಿ 2 ಮೀಟರಿನ ಟೇಪೂ ಇತ್ತು. ಗುಣಿಸಿದ ಮಾದರಿಯಲ್ಲಿ ಅದು 1.97 ತೋರಿಸಿತು. ನಕ್ಷೆ ಬರೆಯಲು, ಕಂಬಗಳ ಅಂತರ ತಿಳಿಯಲು ಇಷ್ಟು ಧಾರಾಳ ಸಾಕು.

ಶಾಸನ ಓದಲು ಮಾತ್ರ ಇದು ಸಾಲದು. ಸವೆದ ಕಲ್ಲಿನಲ್ಲಿ ಅಕ್ಷರದ ಆಳ ಒಂದೆರಡು ಮಿಲಿಮೀಟರ್, ನಮ್ಮ ತಪ್ಪೇ ಅದಕ್ಕಿಂತ ಹೆಚ್ಚು. ಆ ಕೆಲಸವನ್ನು ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯವರು ಬೆಂಗಳೂರು ಸೀಮೆಯ ಶಾಸನಗಳಿಗೆ ತ್ರಿಡಿ ಸ್ಕ್ಯಾನರ್ ಹಿಡಿದು ಮಾಡುತ್ತಿದ್ದಾರೆ. ಕೆ.ಆರ್. ಪುರದ ಕಡೆ ಸೈಟು ನೋಡಲು ಹೋದಾಗ ಪೊದೆಯಲ್ಲಿ ಅಕ್ಷರವಿರುವ ಕಲ್ಲು ಕಂಡರೆ, ಸುತ್ತ ನಡೆದು ಒಂದು ವಿಡಿಯೊ ಮಾಡಿಕೊಂಡು ಅವರಿಗೆ ಸುದ್ದಿ ಮುಟ್ಟಿಸಿ.