ಉಳಿದ ಸೆಕೆಂಡುಗಳ ಲೆಕ್ಕ: ಅಗ್ನಿ ಎಂಜಿನಿಯರಿಂಗ್‌ನ ಒಂದು ಕಳೆಯುವಿಕೆಯ ವಿಮರ್ಶೆ

ದೊಡ್ಡ ಕಟ್ಟಡವೊಂದರ ವಿನ್ಯಾಸ ಸಂಹಿತೆಯ ಸಿದ್ಧ ನಿಯಮಗಳಿಗೆ ಹೊಂದದಿದ್ದಾಗ ಅಗ್ನಿ ಎಂಜಿನಿಯರ್ ಎರಡು ಸಮಯಗಳನ್ನು ಲೆಕ್ಕ ಹಾಕುತ್ತಾರೆ. ಬೆಂಕಿ ಹತ್ತಿದ ಕ್ಷಣದಿಂದ ಒಳಗೆ ನಿಲ್ಲಲಾಗದ ಸ್ಥಿತಿ ಬರುವವರೆಗಿನ ಅವಧಿ ಮೊದಲನೆಯದು; ವೃತ್ತಿಯಲ್ಲಿರುವವರು ಅದನ್ನು ‘ಏಸೆಟ್’ ಎನ್ನುತ್ತಾರೆ, ಅಂದರೆ ಸಿಗುವ ಸಮಯ. ಅದೇ ಕ್ಷಣದಿಂದ ಕೊನೆಯ ವ್ಯಕ್ತಿ ಸುರಕ್ಷಿತ ಜಾಗ ಸೇರುವವರೆಗಿನ ಅವಧಿ ಎರಡನೆಯದು, ‘ಆರ್‌ಸೆಟ್’, ಅಂದರೆ ಬೇಕಾದ ಸಮಯ. ಮೊದಲನೆಯದರಿಂದ ಎರಡನೆಯದನ್ನು ಕಳೆದು ಸಾಕಷ್ಟು ಉಳಿದರೆ ವಿನ್ಯಾಸ ಪಾಸು. ಇಷ್ಟು ಸರಳವಾಗಿರುವುದರಿಂದಲೇ ಈ ಪದ್ಧತಿ ಜಗತ್ತಿನಾದ್ಯಂತ ಹಬ್ಬಿದೆ. ಅದು ಸುಲಭವಾಗಿ ದಾರಿ ತಪ್ಪುವುದೂ ಈ ಸರಳತೆಯಿಂದಲೇ. ಲೆಕ್ಕವನ್ನು ಬಿಟ್ಟುಬಿಡಬೇಕು ಎನ್ನುವುದು ನನ್ನ ವಾದವಲ್ಲ. ಉಳಿದ ಸೆಕೆಂಡುಗಳನ್ನು ಸುರಕ್ಷತೆಯ ಪ್ರಮಾಣಪತ್ರವಾಗಿ ಓದುವುದು ತಪ್ಪು, ಯಾವ ಊಹೆ ಮುರಿದರೆ ಅವು ಸೊನ್ನೆಯಾಗುತ್ತವೆ ಎಂದು ಕೇಳುವುದು ಸರಿಯಾದ ಓದು ಎನ್ನುವುದಷ್ಟೇ.

ಬೇಕಾದ ಸಮಯ ಒಂದೇ ತುಂಡಲ್ಲ. ಬೆಂಕಿ ಪತ್ತೆಯಾಗಲು ಒಂದಿಷ್ಟು ಹೊತ್ತು, ಎಚ್ಚರಿಕೆ ಮೊಳಗಲು ಇನ್ನೊಂದಿಷ್ಟು, ಮೊಳಗಿದ ಮೇಲೂ ಜನ ನಂಬಿ ಹೊರಡಲು ಮತ್ತೊಂದಿಷ್ಟು. ಆಮೇಲೆ ನಡಿಗೆ ಮತ್ತು ಬಾಗಿಲ ಮುಂದಿನ ಸಾಲು. ಈ ಭಾಗಗಳಲ್ಲಿ ನಮಗೆ ಚೆನ್ನಾಗಿ ಗೊತ್ತಿರುವುದು ಕೊನೆಯದು. ಬಾಗಿಲಿನ ಚೌಕಟ್ಟಿಗೆ ಯಾರೂ ಅಂಟಿಕೊಂಡು ನಡೆಯುವುದಿಲ್ಲವಾದ್ದರಿಂದ ಎರಡೂ ಬದಿ ಸುಮಾರು 15 ಸೆಂ.ಮೀ. ಬಿಟ್ಟು ಉಳಿದ ಅಗಲವನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಆ ಅಗಲದ ಪ್ರತಿ ಮೀಟರಿಗೆ ಸೆಕೆಂಡಿಗೆ ಹೆಚ್ಚೆಂದರೆ 1.32 ಜನ ದಾಟಬಲ್ಲರು. ಗ್ರೀನಿಚ್ ವಿಶ್ವವಿದ್ಯಾಲಯದ ಬಿಲ್ಡಿಂಗ್ ಎಕ್ಸೋಡಸ್ ಇರಲಿ, ಪಾತ್‌ಫೈಂಡರ್ ಇರಲಿ, ಪರದೆಯ ಮೇಲೆ ನೂರಾರು ಬಣ್ಣದ ಗೊಂಬೆಗಳನ್ನು ಓಡಾಡಿಸಿ ಅವು ಬಹುಪಾಲು ನಿಖರವಾಗಿಸುವುದು ಈ ಭಾಗವನ್ನೇ. ಜನ ಯಾವಾಗ ಹೊರಡುತ್ತಾರೆ, ಯಾವ ಬಾಗಿಲಿನತ್ತ ಹೋಗುತ್ತಾರೆ ಎಂಬುದನ್ನು ಎಂಜಿನಿಯರೇ ಒಳಗೆ ಬರೆದುಕೊಡಬೇಕು ಅಥವಾ ತಂತ್ರಾಂಶದ ರೂಢಿಯ ನಿಯಮಕ್ಕೆ ಬಿಡಬೇಕು. ಚಲನಚಿತ್ರದಂತೆ ಕಾಣುವ ಫಲಿತಾಂಶ ಮುಂದಿಟ್ಟಾಗ ಅನುಮೋದನೆ ಕೊಡುವ ಅಧಿಕಾರಿಯ ಕಣ್ಣು ನಡಿಗೆಯ ಮೇಲೆ ನಿಲ್ಲುತ್ತದೆ, ಹೊರಡುವ ನಿರ್ಧಾರದ ಮೇಲೆ ಅಲ್ಲ.

ಆ ನಿರ್ಧಾರದ ತೂಕವೆಷ್ಟು ಎಂಬುದಕ್ಕೆ ಬಹುಶಃ ಅತ್ಯಂತ ವಿವರವಾಗಿ ದಾಖಲಾದ ಪ್ರಕರಣ ಅಮೆರಿಕದ ರೋಡ್ ಐಲೆಂಡ್‌ನ ವೆಸ್ಟ್ ವಾರ್ವಿಕ್ ಊರಿನ ‘ದಿ ಸ್ಟೇಷನ್’ ನೈಟ್‌ಕ್ಲಬ್. 2003ರ ಫೆಬ್ರವರಿ 20ರ ರಾತ್ರಿ ವೇದಿಕೆಯ ಬಾಣಬಿರುಸಿನ ಕಿಡಿ ಗೋಡೆಗೆ ಹಚ್ಚಿದ್ದ ಪಾಲಿಯುರಿಥೇನ್ ಫೋಮ್‌ಗೆ ತಗುಲಿತು. ಒಳಗಿದ್ದ ಟಿವಿ ಕ್ಯಾಮೆರಾ ಎಲ್ಲವನ್ನೂ ಸೆರೆಹಿಡಿಯುತ್ತಿತ್ತು. ಫೋಮ್ ಹೊತ್ತಿಕೊಂಡರೂ ಕೆಲವರು ಅದು ಪ್ರದರ್ಶನದ ಭಾಗವೇ ಇರಬೇಕೆಂದು ನೋಡುತ್ತ ನಿಂತಿದ್ದರು. ವಾದ್ಯಗಳು ನಿಂತದ್ದು ಸುಮಾರು ಅರ್ಧ ನಿಮಿಷಕ್ಕೆ, ಅಲಾರಂ ಕೇಳಿಸಿದ್ದು ಸುಮಾರು 40 ಸೆಕೆಂಡಿಗೆ. ಎರಡು ನಿಮಿಷ ತುಂಬುವುದರೊಳಗೆ ಮುಂಬಾಗಿಲಲ್ಲಿ ಜನ ಒಬ್ಬರ ಮೇಲೊಬ್ಬರು ಬಿದ್ದು ದಾರಿಯೇ ಕಟ್ಟಿಹೋಯಿತು. ಸತ್ತವರು 100 ಮಂದಿ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ ನಿಸ್ಟ್ ವೇದಿಕೆಯ ಭಾಗವನ್ನು ಪ್ರಯೋಗಾಲಯದಲ್ಲಿ ಮತ್ತೆ ಕಟ್ಟಿ ಸುಟ್ಟು ನೋಡಿತು, ಕಂಪ್ಯೂಟರಿನಲ್ಲೂ ಮರುಸೃಷ್ಟಿಸಿತು: ಸ್ಪ್ರಿಂಕ್ಲರ್ ಇಲ್ಲದಿದ್ದರೆ ಸುಮಾರು 90 ಸೆಕೆಂಡಿಗೆ ಅಲ್ಲಿ ಬದುಕುವ ಸ್ಥಿತಿ ಮುಗಿಯುತ್ತಿತ್ತು. ಸಿಗುವ ಸಮಯದ ಸುಮಾರು ಅರ್ಧ ಅಲಾರಂ ಮೊಳಗುವ ಮೊದಲೇ ಖರ್ಚಾಗಿತ್ತು. ಕ್ಲಬ್ಬಿಗೆ ಒಂದಲ್ಲ, ನಾಲ್ಕು ಬಾಗಿಲುಗಳಿದ್ದವು. ಆದರೆ ವೇದಿಕೆ ಬದಿಯ ಬಾಗಿಲು ಬೆಂಕಿಯ ಪಕ್ಕದಲ್ಲೇ ಇತ್ತು. ನಿಸ್ಟ್ ಅಂದಾಜಿನಂತೆ ಮೂರರಲ್ಲಿ ಎರಡು ಪಾಲಿನಷ್ಟು ಜನ ತಾವು ಒಳಬಂದ ಮುಂಬಾಗಿಲನ್ನೇ ಹುಡುಕಿ ಹೋದರು.

ಈ ಪಾಠ ಲೆಕ್ಕದೊಳಗೆ ಹೇಗೆ ಇಳಿಯುತ್ತದೆ ಎಂದು ಒಂದು ಕಲ್ಪಿತ ಸಭಾಂಗಣದಲ್ಲಿ ನೋಡೋಣ. ಜನ 400, ಬಾಗಿಲು ಮೂರು, ತಲಾ 1.2 ಮೀಟರ್ ಅಗಲ. ಎರಡು ಬದಿ ಬಿಟ್ಟರೆ ಉಪಯೋಗಕ್ಕೆ ಬರುವ ಅಗಲ 0.9 ಮೀಟರ್, ಅಂದರೆ ಪ್ರತಿ ಬಾಗಿಲಿನಿಂದ ಸೆಕೆಂಡಿಗೆ ಹೆಚ್ಚುಕಡಿಮೆ 1.2 ಜನ. ಪತ್ತೆ ಮತ್ತು ಅಲಾರಂಗೆ 60 ಸೆಕೆಂಡು, ಮೊದಲಿಗರು ಹೊರಡಲು 30 ಸೆಕೆಂಡು ಎಂದಿಟ್ಟುಕೊಳ್ಳಿ. ಇಷ್ಟು ಕಿಕ್ಕಿರಿದ ಜಾಗದಲ್ಲಿ ಸಾಲು ಬೇಗ ಕಟ್ಟಿಕೊಳ್ಳುವುದರಿಂದ ಕೊನೆಯವರು ಯಾವಾಗ ಎದ್ದರು ಎಂಬುದಕ್ಕಿಂತ ಮೊದಲಿಗರು ಯಾವಾಗ ಎದ್ದರು ಎಂಬುದೇ ಮುಖ್ಯ. ಹೊಗೆಯ ಲೆಕ್ಕದಿಂದ ಸಿಗುವ ಸಮಯ 300 ಸೆಕೆಂಡು ಎಂದು ಬಂದಿದೆ ಅನ್ನೋಣ. ಜನ ಮೂರೂ ಬಾಗಿಲುಗಳಿಗೆ ಸಮನಾಗಿ ಹಂಚಿಕೊಂಡರೆ ಸಾಲು ಕರಗಲು ಸುಮಾರು 112 ಸೆಕೆಂಡು ಬೇಕು. ಬೇಕಾದ ಸಮಯ ಒಟ್ಟು 202, ಉಳಿಕೆ 98. ಬೆಂಕಿ ಒಂದು ಬಾಗಿಲನ್ನು ಮುಚ್ಚಿಬಿಟ್ಟು ಉಳಿದೆರಡಕ್ಕೆ ಜನ ಸಮನಾಗಿ ಹೋದರೆ 258, ಉಳಿಕೆ 42. ಅದೇ ಒಂದು ಬಾಗಿಲು ಮುಚ್ಚಿ, ಸ್ಟೇಷನ್ ಕ್ಲಬ್ಬಿನಂತೆ ಮೂರನೇ ಎರಡು ಪಾಲು ಜನ ಮುಂಬಾಗಿಲನ್ನೇ ಹಿಡಿದರೆ ಆ ಒಂದೇ ಬಾಗಿಲ ಸಾಲು 224 ಸೆಕೆಂಡು, ಒಟ್ಟು 314. ಉಳಿಕೆ ಸೊನ್ನೆಗಿಂತ ಕೆಳಗೆ. ಕಟ್ಟಡ ಬದಲಾಗಿಲ್ಲ, ಸೂತ್ರ ಬದಲಾಗಿಲ್ಲ; ಬದಲಾದದ್ದು ಬಾಗಿಲು ಮತ್ತು ಜನರ ಬಗ್ಗೆ ನಾವು ಬರೆದುಕೊಟ್ಟ ಎರಡು ಊಹೆಗಳು ಮಾತ್ರ. ಮೊದಲ ಲೆಕ್ಕದ ಫಲಿತಾಂಶವನ್ನಷ್ಟೇ ವರದಿಯಲ್ಲಿ ಮುದ್ರಿಸಿದರೆ ಅಲ್ಲಿ ಸುಳ್ಳೇನೂ ಇರುವುದಿಲ್ಲ, ಆದರೆ ಓದುಗನಿಗೆ ಬೇಕಾದ ಸತ್ಯವೂ ಇರುವುದಿಲ್ಲ.

ಕಳೆಯುವಿಕೆಯ ಇನ್ನೊಂದು ಬದಿಯೂ ಇದಕ್ಕಿಂತ ಗಟ್ಟಿಯಲ್ಲ. ಸಿಗುವ ಸಮಯವನ್ನು ಸಾಮಾನ್ಯವಾಗಿ ನಿಸ್ಟ್‌ನ ಎಫ್‌ಡಿಎಸ್ ಎಂಬ ಹೊಗೆ-ಬೆಂಕಿ ತಂತ್ರಾಂಶದಿಂದ ಪಡೆಯುತ್ತಾರೆ. ಆ ಲೆಕ್ಕಕ್ಕೆ ಎಷ್ಟು ದೊಡ್ಡ ಬೆಂಕಿ ಎಂಬುದನ್ನು ಬಹುಪಾಲು ವಿನ್ಯಾಸಗಳಲ್ಲಿ ಎಂಜಿನಿಯರ್ ಆರಿಸಿಕೊಡುತ್ತಾರೆ. ಬೆಂಕಿಯ ಉಷ್ಣಶಕ್ತಿ ಸಮಯದ ವರ್ಗಕ್ಕೆ ಅನುಗುಣವಾಗಿ ಏರುತ್ತದೆಂದು ಹಿಡಿದು ಅದನ್ನು ನಿಧಾನ, ಮಧ್ಯಮ, ವೇಗ, ಅತಿವೇಗ ಎಂದು ವಿಂಗಡಿಸುತ್ತಾರೆ. ಮಧ್ಯಮ ಬೆಂಕಿ ಸುಮಾರು ಒಂದು ಮೆಗಾವಾಟ್ ಮುಟ್ಟಲು 300 ಸೆಕೆಂಡು ತೆಗೆದುಕೊಂಡರೆ ವೇಗದ ಬೆಂಕಿಗೆ 150 ಸಾಕು. ಸೋಫಾದ ಒಳಗಿರುವುದು ಹತ್ತಿಯೋ ಫೋಮೋ ಎಂಬ ಒಂದು ವಿವರ ಈ ಆಯ್ಕೆಯನ್ನು ಬದಲಿಸಬಲ್ಲದು. ಸಮಯ ಮುಗಿಯಿತು ಎಂದು ಸಾರುವ ಗೆರೆಯೂ ಹಾಗೆಯೇ. ದೊಡ್ಡ ಜಾಗದಲ್ಲಿ 10 ಮೀಟರ್ ದೂರ ಕಾಣದಿದ್ದರೆ ಮುಗಿಯಿತು ಎನ್ನುವುದುಂಟು. ವಿಷಾನಿಲಕ್ಕೆ ಬಳಸುವ ರೂಢಿಯ ಮಿತಿ 0.3, ಅರ್ಧದಷ್ಟು ಜನ ಕುಸಿಯುವ ಪ್ರಮಾಣವನ್ನು 1 ಎಂದು ಹಿಡಿದ ಅಳತೆ ಇದು. 0.3ರಲ್ಲೂ ನೂರಕ್ಕೆ ಸುಮಾರು 11 ಜನ, ಅಂದರೆ ವೃದ್ಧರು, ಉಸಿರಾಟದ ತೊಂದರೆಯಿರುವವರು, ಕುಸಿಯಬಹುದೆಂದು ಅದೇ ಮಾನದಂಡ ಅಂದಾಜಿಸುತ್ತದೆ. ಇದಲ್ಲದೆ ಹೊಗೆಯ ಲೆಕ್ಕ ಒಂದು ತಂತ್ರಾಂಶದಲ್ಲಿ, ಜನರ ಲೆಕ್ಕ ಮತ್ತೊಂದರಲ್ಲಿ ಬೇರೆಬೇರೆಯಾಗಿ ನಡೆದರೆ ಹೊಗೆಯಲ್ಲಿ ಜನ ನಿಧಾನವಾಗುತ್ತಾರೆ, ಹಿಂದಿರುಗುತ್ತಾರೆ ಎಂಬುದು ಕೈಬಿಟ್ಟುಹೋಗುತ್ತದೆ. ಒಂದಕ್ಕೊಂದು ತಾಗುವ ಎರಡು ಪ್ರಕ್ರಿಯೆಗಳನ್ನು ಬಿಡಿಸಿಟ್ಟು ಕೊನೆಗೆ ಕಳೆಯುವುದೇ ಈ ಪದ್ಧತಿಯ ಮೂಲ ದೌರ್ಬಲ್ಯ.

ಹಾಗಿದ್ದರೆ ಇಡೀ ಪರಿಕಲ್ಪನೆಯೇ ದೋಷಪೂರ್ಣ ಎನ್ನಬಾರದೇಕೆ? 2010ರಲ್ಲಿ ಬಬ್ರೌಸ್ಕಸ್, ಫ್ಲೆಮಿಂಗ್ ಮತ್ತು ರಸೆಲ್ ತಮ್ಮ ಪ್ರಬಂಧದ ಶೀರ್ಷಿಕೆಯಲ್ಲೇ ಹಾಗೆ ಹೇಳಿದರು. ಜನ ಅಚ್ಚುಕಟ್ಟಾಗಿ ಹೊರನಡೆಯುತ್ತಾರೆಂಬ ಊಹೆಯ ಮೇಲೆ ಕನಿಷ್ಠ ಸಮಯ ಸಾಕೆಂದು ತೋರಿಸಿ, ಇದ್ದ ರಕ್ಷಣೆಗಳನ್ನು ಕಡಿತಗೊಳಿಸಲು ಈ ಲೆಕ್ಕ ನೆರವಾಗುತ್ತದೆ ಎಂಬ ಅವರ ಆತಂಕ ಹುಸಿಯಲ್ಲ. ಆದರೆ ಪರ್ಯಾಯವೇನು? ಬಾಗಿಲಿಗೆ ಇಷ್ಟು ಅಗಲ, ದೂರ ಇಷ್ಟೇ ಎಂದು ಹೇಳುವ ಸಂಹಿತೆಯ ನಿಯಮಗಳ ಒಳಗೂ ಒಂದು ಸಮಯ ಅಡಗಿದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಬ್ರಿಟನ್ನಿನಲ್ಲಿ ದೀರ್ಘಕಾಲ ಚಾಲ್ತಿಯಲ್ಲಿದ್ದ ಎರಡೂವರೆ ನಿಮಿಷದ ಮಿತಿಗೆ ಸಾಮಾನ್ಯವಾಗಿ ತೋರಿಸುವ ಮೂಲ 1911ರ ಎಡಿನ್‌ಬರಾದ ಎಂಪೈರ್ ಪ್ಯಾಲೆಸ್ ರಂಗಮಂದಿರದ ಬೆಂಕಿ. ವಾದ್ಯವೃಂದ ರಾಷ್ಟ್ರಗೀತೆ ನುಡಿಸುವಷ್ಟರಲ್ಲಿ ಪ್ರೇಕ್ಷಕರು ಹೊರಬಂದರೆಂಬುದೇ ಆ ಕತೆ. ಸ್ಟೇಷನ್ ಕ್ಲಬ್ಬಿನ ಗೋಡೆಯ ಫೋಮ್‌ಗೆ ಆ ಎರಡೂವರೆ ನಿಮಿಷ ತುಂಬಾ ದೀರ್ಘ. ಏಸೆಟ್-ಆರ್‌ಸೆಟ್ ಲೆಕ್ಕ ಕನಿಷ್ಠ ತನ್ನ ಊಹೆಗಳನ್ನು ಮೇಜಿನ ಮೇಲಿಡುತ್ತದೆ, ಹಾಗಾಗಿ ಅವನ್ನು ಪ್ರಶ್ನಿಸಬಹುದು. ಆದ್ದರಿಂದ ಬಬ್ರೌಸ್ಕಸ್ ಮತ್ತವರ ಸಂಗಡಿಗರ ಟೀಕೆ ಪರಿಕಲ್ಪನೆಗಿಂತ ಅದರ ಬಳಕೆಗೆ ಹೆಚ್ಚು ಸಲ್ಲುತ್ತದೆ.

ಎರಡನೆಯ ಆಕ್ಷೇಪ ವೃತ್ತಿಯ ಒಳಗಿನದು: ಪ್ರತಿ ಊಹೆಯನ್ನೂ ಕೆಟ್ಟದ್ದೆಂದೇ ಹಿಡಿದರೆ ಯಾವ ಕಟ್ಟಡವೂ ಪಾಸಾಗದು, ಉಳಿಕೆಗೊಂದು ಸುರಕ್ಷತಾ ಅಂಶ ಸೇರಿಸಿದರೆ ಸಾಲದೇ? ಸಾಲದು. ಆರ್‌ಸೆಟ್ ಅನ್ನು ಒಂದೂವರೆ ಪಟ್ಟು ಮಾಡಿದರೂ ನಮ್ಮ ಸಭಾಂಗಣದ ಮೊದಲ ಲೆಕ್ಕ 303ಕ್ಕೆ ಬರುತ್ತದೆ, ಹೆಚ್ಚುಕಡಿಮೆ 300ರ ಗಡಿಯಲ್ಲೇ; ಬಾಗಿಲು ಕಳೆದಾಗಿನ 314 ಅದಕ್ಕೂ ಆಚೆ. ಒಂದೇ ಗುಣಕದಲ್ಲಿ ಅಳತೆಯ ಸಣ್ಣ ಅನಿಶ್ಚಿತತೆಯನ್ನೂ, ಬಾಗಿಲೊಂದು ಇಲ್ಲವಾಗುವ ದೊಡ್ಡ ಘಟನೆಯನ್ನೂ ಕಲಸಿಬಿಟ್ಟರೆ ಯಾವುದು ಅಪಾಯ ಎಂಬುದೇ ಮರೆಯಾಗುತ್ತದೆ. ನಿಸ್ಟ್ ಹಿಡಿದ ದಾರಿ ಬೇರೆ. ಮುಂಬಾಗಿಲೂ ಸೇರಿದಂತೆ ಕನಿಷ್ಠ ಒಂದು ಬಾಗಿಲು ಬಳಕೆಗೆ ಸಿಗುವುದಿಲ್ಲವೆಂದೇ ಹಿಡಿದು ಬಾಗಿಲುಗಳ ಸಂಖ್ಯೆ ಮತ್ತು ಜನಸಂಖ್ಯೆಯ ಮಿತಿ ಲೆಕ್ಕ ಹಾಕಿ, ಇಂಥ ಸಣ್ಣ ಕ್ಲಬ್ಬುಗಳಿಗೆ ತೆರವಿನ ಗರಿಷ್ಠ ಸಮಯ ಒಂದೂವರೆ ನಿಮಿಷವಿರಲಿ ಎಂದು ಅದು ಶಿಫಾರಸು ಮಾಡಿತು. ಇದು ಎಲ್ಲವನ್ನೂ ಕೆಟ್ಟದ್ದೆಂದು ಊಹಿಸುವುದಲ್ಲ, ನಿಜಕ್ಕೂ ಆಗುವ ಒಂದು ಕೆಟ್ಟದ್ದನ್ನು ಹೆಸರಿಸಿ ವಿನ್ಯಾಸವನ್ನು ಅದರ ಎದುರು ನಿಲ್ಲಿಸುವುದು.

ಬೆಂಗಳೂರಿಗೆ ಈ ಮಾತು ದೂರದ್ದಲ್ಲ. 2010ರ ಫೆಬ್ರವರಿ 23ರಂದು ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಜನ ಸತ್ತರು. ವಿದ್ಯುತ್ ತಂತಿಗಳ ಶಾಫ್ಟ್‌ನಿಂದ ಹೊಗೆ ಮೇಲಿನ ಮಹಡಿಗಳಿಗೆ ಏರಿತು. ತಪ್ಪಿಸಿಕೊಳ್ಳಲಾಗದೆ ಕೆಲವರು ಕಿಟಕಿಯಿಂದ ಜಿಗಿದರು. ಶಾಫ್ಟ್ ಪ್ರತಿ ಮಹಡಿಯಲ್ಲೂ ಮುಚ್ಚಿರುತ್ತದೆ, ಮೆಟ್ಟಿಲ ಬಾಗಿಲು ತೆರೆದುಕೊಳ್ಳುತ್ತದೆ ಎಂದು ಹಿಡಿಯುವ ಯಾವ ತೆರವಿನ ಮಾದರಿಯೂ ಇಂಥ ಮಧ್ಯಾಹ್ನವನ್ನು ತೋರಿಸಲಾರದು. ಹಾಗಾಗಿ ಅನುಮೋದನೆಗೆ ಬರುವ ವರದಿಯಲ್ಲಿ ಉಳಿದ ಸೆಕೆಂಡುಗಳ ಒಂದು ಸಂಖ್ಯೆ ಸಾಲದು. ಯಾವ ಬಾಗಿಲು ಕಳೆದರೆ, ಎಷ್ಟು ಜನ ಮುಂಬಾಗಿಲನ್ನು ಹಿಡಿದರೆ, ಬೆಂಕಿ ಎಷ್ಟು ವೇಗವಾದರೆ, ಅಲಾರಂ ಎಷ್ಟು ತಡವಾದರೆ ಉಳಿಕೆ ಸೊನ್ನೆಯಾಗುತ್ತದೆ ಎಂಬ ಪಟ್ಟಿ ಇರಬೇಕು. ಆ ಪಟ್ಟಿಯ ಪ್ರತಿ ಸಾಲೂ ಕಟ್ಟಡ ನಡೆಸುವವರಿಗೆ ಷರತ್ತಾಗಿ ಇಳಿಯಬೇಕು. ಗೋಡೆಗೆ ಫೋಮ್ ಹಚ್ಚುವಂತಿಲ್ಲ, ಇಷ್ಟಕ್ಕಿಂತ ಹೆಚ್ಚು ಜನರನ್ನು ಬಿಡುವಂತಿಲ್ಲ, ಈ ಬಾಗಿಲಿಗೆ ಬೀಗ ಹಾಕುವಂತಿಲ್ಲ. ಎಂಜಿನಿಯರ್ ಲೆಕ್ಕಕ್ಕೆ ಸಹಿ ಹಾಕುವುದು ಒಂದು ದಿನದ ಕೆಲಸ. ಲೆಕ್ಕದ ಊಹೆಗಳನ್ನು ಕಟ್ಟಡ ನಿಂತಿರುವವರೆಗೂ ನಿಜವಾಗಿರಿಸುವ ಹೊಣೆ ಯಾರದೆಂದು ಹೇಳದ ವರದಿಯನ್ನು ಅಧಿಕಾರಿ ಹಿಂದಿರುಗಿಸಬೇಕು, ಉಳಿಕೆ ಎಷ್ಟೇ ದೊಡ್ಡದಿರಲಿ.