ಇರ್ಮಾಳ ಗಂಟಲಿನಲ್ಲಿ ಕಂಡದ್ದು

ಮಿದುಳುಕಾಂಡದಿಂದ ಗೊತ್ತುಗುರಿಯಿಲ್ಲದೆ ಹೊಮ್ಮುವ ಸಂಕೇತಗಳಿಗೆ ಮೇಲಿನ ಮಿದುಳು ಹೇಗೋ ಒಂದು ಕಥೆಯನ್ನು ಹೊಂದಿಸುವುದೇ ಸ್ವಪ್ನವೆಂದು 1977ರಲ್ಲಿ ಪ್ರತಿಪಾದಿಸಿದ ಹಾಬ್ಸನ್ ಮತ್ತು ಮೆಕಾರ್ಲಿಯವರ ಮತವನ್ನು ಈ ವಾರ ವಿಚಾರಿಸುವೆನೆಂದು ಹೇಳಿದ್ದೆನಷ್ಟೆ. ಅದಕ್ಕೆ ಪೂರ್ವಪಕ್ಷವಾಗಿ ಫ್ರಾಯ್ಡನ ಸ್ವಪ್ನಗ್ರಂಥವನ್ನು ತೆರೆದವನಿಗೆ ಎರಡನೆಯ ಅಧ್ಯಾಯವನ್ನು ದಾಟಿ ಹೋಗಲು ಮನಸ್ಸು ಬಾರದೆ ಹೋಯಿತು. ಆದುದರಿಂದ ಆ ಮತದ ಬಗೆಗೆ ಒಂದೇ ಮಾತನ್ನು ಹೇಳಿ ಬಿಡುತ್ತೇನೆ: ಸಂಕೇತವು ಗೊತ್ತುಗುರಿಯಿಲ್ಲದ್ದೆಂದು ಒಪ್ಪಿದರೂ, ಅದಕ್ಕೆ ಹೊಂದಿಸಲು ನೆನಪಿನ ಉಗ್ರಾಣದಿಂದ ಇದೇ ಮುಖ, ಇದೇ ಅಳುಕು ಏಕೆ ಹೊರಬಂದವೆಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಆ ಅಧ್ಯಾಯದ ಕನಸಿನ ವೃತ್ತಾಂತವಿದು. 1895ರ ಜುಲೈ 23ರಂದು, ಫ್ರಾಯ್ಡನು ಆಟೋ ಎಂದು ಕರೆದಿರುವ ವೈದ್ಯಮಿತ್ರನೊಬ್ಬನು ಬಂದು, ಫ್ರಾಯ್ಡನ ರೋಗಿ ಇರ್ಮಾ ಮೊದಲಿಗಿಂತ ಲೇಸಾಗಿದ್ದರೂ ಪೂರ್ಣ ಗುಣ ಕಂಡಿಲ್ಲವೆಂದು ತಿಳಿಸಿದನು. ಆ ಮಾತಿನ ಧ್ವನಿಯಲ್ಲಿ ಆಕ್ಷೇಪಣೆಯನ್ನು ಶಂಕಿಸಿದ ಫ್ರಾಯ್ಡನು, ತನ್ನನ್ನು ಸಮರ್ಥಿಸಿಕೊಳ್ಳುವುದಕ್ಕೆಂಬಂತೆ, ಆ ರಾತ್ರಿಯೇ ಅವಳ ಚಿಕಿತ್ಸೆಯ ವೃತ್ತಾಂತವನ್ನು ಬರೆದಿಟ್ಟು ಮಲಗಿದನು. ಬೆಳಗಿನ ಜಾವದ ಕನಸಿನಲ್ಲಿ ಅತಿಥಿಗಳು ನೆರೆದ ದೊಡ್ಡದೊಂದು ಸಭಾಂಗಣ. ಅಲ್ಲಿ ಅವನು ಇರ್ಮಾಳನ್ನು ಕಿಟಕಿಯ ಬಳಿಗೆ ಕರೆದೊಯ್ದು ಬಾಯಿ ತೆರೆಸಿ ನೋಡಿದರೆ, ಗಂಟಲಿನಲ್ಲಿ ಬಿಳಿಯ ಮಚ್ಚೆ, ಮೂಗಿನೊಳಗಿನ ಸುರುಳಿಮೂಳೆಗಳನ್ನು ಹೋಲುವ ರಚನೆಗಳ ಮೇಲೆ ಬೂದುಬಿಳುಪಿನ ಹಕ್ಕಳೆ! ಹಿರಿಯ ವೈದ್ಯನೊಬ್ಬನು ಬಂದು, ಇದು ಸೋಂಕೇ ಆದರೂ ಆಮಶಂಕೆಯಾಗಿ ವಿಷವೆಲ್ಲ ಹೊರಬೀಳುವುದೆಂದು ಸಮಾಧಾನ ಹೇಳುತ್ತಾನೆ. ಆಟೋ ಕೊಟ್ಟ ಚುಚ್ಚುಮದ್ದೇ ಇದಕ್ಕೆ ಕಾರಣವೆಂದೂ ಅವನ ಪಿಚಕಾರಿ ಬಹುಶಃ ಶುದ್ಧವಾಗಿರಲಿಲ್ಲವೆಂದೂ ಕನಸು ತೀರ್ಪು ಕೊಡುತ್ತದೆ.

ತಪ್ಪು ತನ್ನದಲ್ಲದಿರಲಿ ಎಂಬ ಇಚ್ಛೆಯ ಪೂರೈಕೆಯೇ ಈ ಕನಸೆಂದು ಫ್ರಾಯ್ಡನು ನಿರ್ಣಯಿಸಿದನು. ಆ ಇಚ್ಛೆ ಅಲ್ಲಿದೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ನಿರ್ಣಯಕ್ಕಿಂತ ಮಿಗಿಲಾದ ಸಂಪತ್ತು ಅವನು ಪ್ರತಿಯೊಂದು ತುಣುಕಿನ ಮೂಲವನ್ನು ಹುಡುಕಿಕೊಂಡು ಹೋದ ದಾರಿಯಲ್ಲಿದೆ. ಚುಚ್ಚುಮದ್ದಿನ ಪ್ರೊಪೈಲ್ ಎಂಬ ಹೆಸರು, ಆಟೋ ಉಡುಗೊರೆಯಾಗಿ ತಂದಿದ್ದ ಮದ್ಯದ ದುರ್ವಾಸನೆಯಿಂದ ಬಂದದ್ದು. ಸಭಾಂಗಣವು ಹೆಂಡತಿಯ ಹುಟ್ಟುಹಬ್ಬಕ್ಕೆ ಬರಲಿದ್ದ ಅತಿಥಿಗಳ ನಿರೀಕ್ಷೆಯಿಂದ. ಹಕ್ಕಳೆಯು ಮೂಗಿನ ಬಾಧೆಗೆ ತಾನೇ ಬಳಸುತ್ತಿದ್ದ ಕೊಕೇನಿನ ಚಿಂತೆಯಿಂದ. ಇವೆಲ್ಲದರ ಹಿಂದೆ, ತಾನು ಕೊಟ್ಟ ಸಲ್ಫೋನಾಲ್ ಔಷಧದ ವಿಷವೇರಿ ಹಿಂದೊಮ್ಮೆ ಸತ್ತ ರೋಗಿಯೊಬ್ಬಳ ಸ್ಮೃತಿ. ನಿನ್ನೆಯ ಒಂದು ಚುಚ್ಚುಮಾತು, ಅದೇ ಅಳುಕಿನಿಂದ ತೊಯ್ದಿದ್ದ ಹಳೆಯ ನೆನಪುಗಳನ್ನೆಲ್ಲ ತನ್ನೆಡೆಗೆ ಸೆಳೆದುಕೊಂಡಿದೆ.

ಆದರೂ ಒಂದು ನೆನಪನ್ನು ಅವನು ಗ್ರಂಥದಲ್ಲಿ ಹೇಳಲಿಲ್ಲ. ಅದೇ ವರ್ಷದ ಆರಂಭದಲ್ಲಿ ಅವನ ರೋಗಿ ಎಮ್ಮಾ ಎಕ್‌ಸ್ಟೈನಳ ಮೂಗಿಗೆ ಆಪ್ತಮಿತ್ರ ಫ್ಲೀಸ್ ಶಸ್ತ್ರಚಿಕಿತ್ಸೆ ಮಾಡಿ ಬರ್ಲಿನಿಗೆ ಮರಳಿದ್ದನು. ಗಾಯ ಮಾಯದೆ ದುರ್ಗಂಧ ಹುಟ್ಟಿದಾಗ, ಮಾರ್ಚಿನಲ್ಲಿ ಬೇರೊಬ್ಬ ಶಸ್ತ್ರವೈದ್ಯನು ಒಳಗೆ ಸಿಕ್ಕಿದ ದಾರವನ್ನು ಎಳೆಯಲು, ಮರೆತು ಬಿಟ್ಟಿದ್ದ ಅರ್ಧ ಮೀಟರು ಗಾಜ್ ಬಟ್ಟೆ ಹೊರಬಂದು ರಕ್ತ ಧಾರಾಕಾರವಾಗಿ ಹರಿಯಿತು. ನೋಡುತ್ತಿದ್ದ ಫ್ರಾಯ್ಡನು ತಲೆಸುತ್ತಿ ಪಕ್ಕದ ಕೋಣೆಗೆ ಹೋಗಬೇಕಾಯಿತು. ಫ್ರಾಯ್ಡನಿಗೆ ಕೊನೆಗಾಲದಲ್ಲಿ ವೈದ್ಯನಾಗಿದ್ದ ಮ್ಯಾಕ್ಸ್ ಶೂರ್ 1966ರಲ್ಲಿ ಪತ್ರಗಳ ಆಧಾರದಿಂದ ಈ ಘಟನೆಯನ್ನು ಆ ಕನಸಿನೊಡನೆ ಜೋಡಿಸಿದನು. ಹಾಗೆ ನೋಡಿದಾಗ, ಗಂಟಲಿನಲ್ಲಿ ಮೂಗಿನ ಮೂಳೆ ಕಂಡದ್ದು ಮರೆಮಾಚುವಿಕೆಯಾಗಿ ನನಗೆ ತೋರುವುದಿಲ್ಲ. ಮನಸ್ಸು ಹಗಲಿನಲ್ಲಿ ದೂರವಿರಿಸಿದ್ದನ್ನು ಕನಸು ಹೆಚ್ಚುಕಡಮೆ ನೇರವಾಗಿಯೇ ತೋರಿಸಿದೆ. ಮುಚ್ಚಿಡುವ ಕಾವಲುಗಾರನೊಬ್ಬನನ್ನು ಕಲ್ಪಿಸಿಕೊಳ್ಳುವ ಅಗತ್ಯವನ್ನೇ ನಾನು ಕಾಣೆ.

ಹೊಸ ಅನುಭವವು ಹಳೆಯ ಸ್ಮೃತಿಗಳೊಡನೆ ಹೆಣೆದುಕೊಳ್ಳುವ ಈ ಕ್ರಿಯೆಯನ್ನೇ ಇಂದಿನ ಸಂಶೋಧಕರು ಪ್ರಯೋಗದಿಂದ ಹಿಡಿಯಲೆಳಸುತ್ತಾರೆ. ವಾಮ್ಸ್‌ಲೀ ಮತ್ತು ಸ್ಟಿಕ್‌ಗೋಲ್ಡರ ತಂಡವು 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಂಪ್ಯೂಟರಿನ ಚಕ್ರವ್ಯೂಹದಲ್ಲಿ ದಾರಿ ಕಲಿತು ನಿದ್ರಿಸಿದವರಲ್ಲಿ ಒಬ್ಬರಿಗೆ ಕಂಡದ್ದು ಆ ದಾರಿಯಷ್ಟೇ ಅಲ್ಲ, ಕೆಲವು ವರ್ಷಗಳ ಹಿಂದೆ ಪ್ರವಾಸದಲ್ಲಿ ನೋಡಿದ ಬಾವಲಿಗಳ ಗುಹೆಯೂ. ಹಾಗೆ ಕನಸು ಕಂಡವರು ಎಚ್ಚತ್ತ ಮೇಲೆ ದಾರಿಯನ್ನು ಹೆಚ್ಚು ಸುಧಾರಿಸಿಕೊಂಡರು. ಆದರೆ ಅವರು ಬೆರಳೆಣಿಕೆಯ ಮಂದಿ. ಮೊದಲ ಸುತ್ತಿನಲ್ಲಿ ಹಿಂದೆ ಬಿದ್ದಿದ್ದವರೂ ಅವರೇ. ಆದುದರಿಂದ ಕನಸು ಸುಧಾರಣೆಯನ್ನು ತಂದಿತೋ, ಕಷ್ಟಪಟ್ಟದ್ದೇ ಕನಸನ್ನೂ ಸುಧಾರಣೆಯನ್ನೂ ತಂದಿತೋ ಹೇಳಲಾಗದು.

ಭಾವನೆಯ ವಿಷಯದಲ್ಲಿಯೂ ಇದೇ ತೊಡಕು. ವಿವಾಹವಿಚ್ಛೇದನದಿಂದ ಖಿನ್ನರಾದವರನ್ನು ರೋಸಲಿಂಡ್ ಕಾರ್ಟ್‌ರೈಟ್ ಪ್ರಯೋಗಾಲಯದಲ್ಲಿ ಮಲಗಿಸಿ, ಕಣ್ಣುಗುಡ್ಡೆ ಚಲಿಸುವ ನಿದ್ರಾವಸ್ಥೆಯಲ್ಲಿ ಎಬ್ಬಿಸಿ ಕನಸುಗಳನ್ನು ಬರೆದುಕೊಂಡಳು. ಬಿಟ್ಟುಹೋದ ಸಂಗಾತಿಯನ್ನು ಕನಸಿನಲ್ಲಿ ಕಂಡವರು ವರ್ಷದ ತರುವಾಯ ಹೆಚ್ಚಾಗಿ ಚೇತರಿಸಿಕೊಂಡಿದ್ದರು. ಚೇತರಿಕೆಯ ಶಕ್ತಿ ಮೊದಲೇ ಇದ್ದವರಿಗೇ ಅಂಥ ಕನಸು ಬಿದ್ದಿರಲೂಬಹುದು. ಆದರೂ ಅವಳ ಕ್ರಮದಲ್ಲಿ ಒಂದು ಮೇಲ್ಮೆಯುಂಟು: ಅವಳು ಕನಸಿನ ಅರ್ಥವನ್ನು ಕೇಳಿದ್ದಲ್ಲದೆ, ಕಂಡವನ ಮುಂದಿನ ಸ್ಥಿತಿಯನ್ನೂ ಕಾಲಾಂತರದಲ್ಲಿ ಅಳೆದಳು. ಫ್ರಾಯ್ಡನ ವಿಷಯದಲ್ಲಾದರೋ ನಮಗೆ ದೊರೆತಿರುವುದು ಅವನೇ ಆಯ್ದುಕೊಟ್ಟ ಒಂದು ರಾತ್ರಿಯ ವರದಿ.