ಫಾರಂ 57ರ ಕಡತ ಮತ್ತು ಮಾಹಿತಿ ಹಕ್ಕು

ಮಾಹಿತಿ ಹಕ್ಕು ಅಧಿನಿಯಮ 2005ರ ಅಕ್ಟೋಬರ್ 12ರಿಂದ ಜಾರಿಯಲ್ಲಿದೆ. ಕರ್ನಾಟಕಕ್ಕೆ ಅದಕ್ಕೂ ಮೊದಲೇ 2000ದ ತನ್ನದೇ ಕಾಯ್ದೆಯಿತ್ತು. ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳಂಥ ಕಡೆ 2005ರ ಕಾಯ್ದೆಯ ಬಲವನ್ನೂ ಮಿತಿಯನ್ನೂ ಅಳೆಯಲು ಬಗರ್‌ಹುಕುಂ ಕಡತಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಸರ್ಕಾರಿ ಜಮೀನನ್ನು ಉಳುತ್ತ ಬಂದವರು ಸಕ್ರಮಕ್ಕಾಗಿ 1991ರಲ್ಲಿ ಫಾರಂ 50, ಆ ದಶಕದ ಕೊನೆಯಲ್ಲಿ ಫಾರಂ 53, 2018ರಿಂದ ಫಾರಂ 57 ಸಲ್ಲಿಸಿದ್ದಾರೆ. ಅರ್ಜಿ ಕೊಟ್ಟವರ ಕೈಯಲ್ಲಿ ಉಳಿಯುವುದು ಸ್ವೀಕೃತಿ ಚೀಟಿ ಮಾತ್ರ. ಉಳಿದುದೆಲ್ಲ ತಾಲ್ಲೂಕು ಕಚೇರಿಯ ಕಡತದಲ್ಲಿ.

ಕಾಯ್ದೆ ಕೊಡಿಸುವುದು ಕಡತದಲ್ಲಿ ಇರುವುದನ್ನು; ಅಧಿಕಾರಿಯ ವಿವರಣೆಯನ್ನಲ್ಲ. 'ನನ್ನ ಅರ್ಜಿಯನ್ನು ಏಕೆ ತಿರಸ್ಕರಿಸಿದಿರಿ' ಎಂದು ಬರೆದರೆ, ಪ್ರಶ್ನೆ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ಎಂಬ ಒಂದು ಸಾಲಿನ ಉತ್ತರ ಬರುವ ಸಂಭವವೇ ಹೆಚ್ಚು. ಅದೇ ರೈತ ತನ್ನ ಗ್ರಾಮ, ಸರ್ವೆ ನಂಬರು, ಅರ್ಜಿಯ ದಿನಾಂಕ ಕೊಟ್ಟು, ಅರ್ಜಿ ದಾಖಲಾದ ವಹಿಯ ಪುಟ, ಗ್ರಾಮ ಲೆಕ್ಕಿಗರ ಸ್ಥಳ ಪರಿಶೀಲನಾ ವರದಿ, ಮಹಜರು, ಸಕ್ರಮೀಕರಣ ಸಮಿತಿಯ ನಡವಳಿ, ಕಡತದ ಟಿಪ್ಪಣಿ ಹಾಳೆ ಇವುಗಳ ದೃಢೀಕೃತ ನಕಲು ಕೇಳಿದರೆ ಕಾರಣ ತಾನಾಗಿ ಹೊರಬೀಳುತ್ತದೆ. ಗೋಮಾಳ ಕೊರತೆಯ ಕಾರಣ ಬರೆದಿದ್ದರಂತೂ ಇನ್ನೊಂದು ಹೆಜ್ಜೆ ಇದೆ. 100 ಜಾನುವಾರಿಗೆ 30 ಎಕರೆ ಎಂಬ ಲೆಕ್ಕದ ಮೇಲೆ ಗೋಮಾಳ ಕಾಯ್ದಿರಿಸಬೇಕು. ಆದ್ದರಿಂದ ಆ ಊರಿನ ಜಾನುವಾರು ಗಣತಿಯ ಸಂಖ್ಯೆಯನ್ನೂ ಉಳಿದ ಗೋಮಾಳದ ವಿಸ್ತೀರ್ಣವನ್ನೂ ಕೇಳಿ ಪಡೆದರೆ, ತಿರಸ್ಕಾರ ನಿಯಮಕ್ಕೆ ಸರಿಯಾಗಿದೆಯೇ ಎಂದು ಅರ್ಜಿದಾರನೇ ತಾಳೆ ನೋಡಬಹುದು.

ಕರ್ನಾಟಕದಲ್ಲಿ ಅರ್ಜಿ ಶುಲ್ಕ 10 ರೂಪಾಯಿ. ಕಾರಣ ಹೇಳಬೇಕಿಲ್ಲ. ಬರೆಯಲು ಬಾರದವರ ಮೌಖಿಕ ಕೋರಿಕೆಯನ್ನು ಬರಹಕ್ಕಿಳಿಸಲು ನೆರವಾಗುವುದು ಮಾಹಿತಿ ಅಧಿಕಾರಿಯ ಕರ್ತವ್ಯ. ಆದರೆ ರಾಜ್ಯದ ನಿಯಮ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳೊಳಗೆ ಎಂದು ಕಟ್ಟುತ್ತದೆ. ಮೇಲಿನ ದಾಖಲೆಗಳೆಲ್ಲ ಒಂದೇ ಕಡತಕ್ಕೆ ಸೇರಿದವಾದ್ದರಿಂದ ಒಂದು ಅರ್ಜಿಯಲ್ಲಿ ಕೇಳಬಹುದು. ಜಾನುವಾರು ಗಣತಿಗೆ ಬೇರೆ ಅರ್ಜಿ ಹಾಕುವುದೇ ಕ್ಷೇಮ. ಮೂಲ ಕಾಯ್ದೆಯಲ್ಲಿ ಇಲ್ಲದ ಈ ಮಿತಿ, ಕೇಳುವ ಕಲೆ ಗೊತ್ತಿಲ್ಲದವರನ್ನೇ ಮೊದಲು ಎಡವಿಸುತ್ತದೆ.

ಅಜ್ಜಂಪುರದಲ್ಲಿ ಇನ್ನೊಂದು ತೊಡಕು. ತರೀಕೆರೆಯಿಂದ ಬೇರ್ಪಟ್ಟು ಅದು ಪ್ರತ್ಯೇಕ ತಾಲ್ಲೂಕಾದದ್ದು 2018ರ ಹೊತ್ತಿಗೆ. ಫಾರಂ 50, 53ರ ಕಾಲದಲ್ಲಿ ಆ ಭಾಗವೆಲ್ಲ ತರೀಕೆರೆ ತಾಲ್ಲೂಕು. ಹಳೆಯ ಕಡತ ಯಾವ ಕಚೇರಿಯಲ್ಲಿದೆ ಎಂದು ಹುಡುಕುವ ಭಾರವನ್ನು ಕಾಯ್ದೆ ಅರ್ಜಿದಾರನ ಮೇಲೆ ಹೊರಿಸುವುದಿಲ್ಲ: ತನ್ನಲ್ಲಿಲ್ಲದ ದಾಖಲೆಯ ಅರ್ಜಿಯನ್ನು 5 ದಿನಗಳೊಳಗೆ ಸಂಬಂಧಪಟ್ಟ ಕಚೇರಿಗೆ ವರ್ಗಾಯಿಸಿ, ಅದನ್ನು ಅರ್ಜಿದಾರನಿಗೆ ತಿಳಿಸಬೇಕು ಎನ್ನುತ್ತದೆ 6(3)ನೇ ಪ್ರಕರಣ. 'ಆ ಕಚೇರಿಯಲ್ಲಿ ವಿಚಾರಿಸಿ' ಎಂಬ ಹಿಂಬರಹ ಆದ್ದರಿಂದ ಉತ್ತರವೇ ಅಲ್ಲ. 'ಕಡತ ಲಭ್ಯವಿಲ್ಲ' ಎಂಬುದೂ ಕೊನೆಯ ಮಾತಲ್ಲ. ಒಂದು ಕಾಲಕ್ಕೆ ಕಚೇರಿಯಲ್ಲಿದ್ದ ದಾಖಲೆ ಕಾಣೆಯಾಗಿದ್ದರೆ ಮಾಹಿತಿ ಆಯೋಗ ವಿಚಾರಣೆಗೆ ಆದೇಶಿಸಬಹುದು ಎಂದು ದೆಹಲಿ ಹೈಕೋರ್ಟ್ 2013ರಲ್ಲಿ ಹೇಳಿದೆ.

30 ದಿನಗಳಲ್ಲಿ ಮಾಹಿತಿ ಬಾರದಿದ್ದರೆ ಮುಂದಿನ 30 ದಿನಗಳೊಳಗೆ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ. ಅದೂ ಫಲಿಸದಿದ್ದರೆ 90 ದಿನಗಳೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ ಎರಡನೆಯದು. ತಡವಾದ ಮಾಹಿತಿಯನ್ನು ಉಚಿತವಾಗಿ ಕೊಡಬೇಕು. ಸಕಾರಣವಿಲ್ಲದ ವಿಳಂಬಕ್ಕೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ಅಧಿಕಾರಿಗೇ ದಂಡ. ಕಾಗದದ ಮೇಲೆ ವ್ಯವಸ್ಥೆ ಬಿಗಿಯಾಗಿದೆ. ಆದರೆ ಕೆಳಗಿನ ಎರಡು ಹಂತಗಳಿಗೆ ಗಡುವು ವಿಧಿಸಿದ ಕಾಯ್ದೆ ಎರಡನೇ ಮೇಲ್ಮನವಿಯ ತೀರ್ಮಾನಕ್ಕೆ ಯಾವ ಗಡುವನ್ನೂ ಇಟ್ಟಿಲ್ಲ. ಕಾಯ್ದೆಯ ದೊಡ್ಡ ದೋಷ ಇದೇ ಎನ್ನಬೇಕು. ದಂಡದ ಹೆದರಿಕೆ ಕೆಲಸ ಮಾಡುವುದು ಆಯೋಗ ಬೇಗ ತೀರ್ಮಾನಿಸಿದಾಗ ಮಾತ್ರ.

ತನ್ನ ಕಡತವನ್ನು ಕೇಳುವುದಕ್ಕಿಂತ ಬೇರೆಯವರ ಮಂಜೂರಾತಿಯನ್ನು ಕೇಳುವುದು ಈಗ ಕಷ್ಟವಾಗಿದೆ. ವೈಯಕ್ತಿಕ ಮಾಹಿತಿಯನ್ನು ನಿರಾಕರಿಸುವ 8(1)(ಜೆ) ಪ್ರಕರಣದಲ್ಲಿ ಮೊದಲು ಸಾರ್ವಜನಿಕ ಹಿತದ ಷರತ್ತೂ, ಶಾಸನಸಭೆಗೆ ನಿರಾಕರಿಸಲಾಗದ್ದನ್ನು ಪ್ರಜೆಗೂ ನಿರಾಕರಿಸಬಾರದೆಂಬ ಪರಂತುಕವೂ ಇದ್ದವು. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಎರಡನ್ನೂ ತೆಗೆದುಹಾಕಿತು. ಫಲಾನುಭವಿಗಳ ಪಟ್ಟಿ ಕೇಳಿದವನಿಗೆ ಉಳಿದಿರುವ ದಾರಿ ಎರಡು. ರಿಯಾಯಿತಿ, ಪರವಾನಗಿ ಪಡೆದವರ ವಿವರವನ್ನು ಕಚೇರಿ ತಾನೇ ಪ್ರಕಟಿಸಬೇಕೆನ್ನುವ 4(1)(ಬಿ) ಒಂದು. ಸಾರ್ವಜನಿಕ ಹಿತ ಹೆಚ್ಚಿನದಾದರೆ ವಿನಾಯಿತಿಯಿದ್ದರೂ ಕೊಡಬಹುದೆನ್ನುವ 8(2) ಇನ್ನೊಂದು. ಎರಡನೆಯದರಲ್ಲಿ ಹಿತವನ್ನು ತೂಗುವವರು ಅದೇ ಕಚೇರಿಯ ಅಧಿಕಾರಿ. ಹಾಗಾಗಿ ಸರ್ಕಾರಿ ಜಮೀನು ಮಂಜೂರಾದ ಸರ್ವೆ ನಂಬರು, ವಿಸ್ತೀರ್ಣ, ಸಮಿತಿ ಸಭೆಯ ದಿನಾಂಕಗಳನ್ನು ಮೊದಲು ಕೇಳಿ, ಹೆಸರುಗಳನ್ನು ಪಹಣಿಯಲ್ಲಿ ನೋಡಿಕೊಳ್ಳುವುದೇ ಹತ್ತಿರದ ಹಾದಿ.